ಫೋನ್ ಕ್ಯಾಮೆರಾದ ಜೂಮ್: ಯಾವಾಗ ಬಟನ್ ಒತ್ತಬೇಕು, ಯಾವಾಗ ನಾಲ್ಕು ಹೆಜ್ಜೆ ಮುಂದೆ ಹೋಗಬೇಕು

ಭಾನುವಾರ ಸಂಜೆ ಮೈಸೂರು ಅರಮನೆಯ ದೀಪ ಹೊತ್ತಿಕೊಂಡ ಕೂಡಲೇ ಆವರಣದ ತುಂಬ ಫೋನುಗಳು ಮೇಲೇಳುತ್ತವೆ. ಬಹಳ ಮಂದಿ ನಿಂತಲ್ಲೇ ನಿಂತು, ಎರಡು ಬೆರಳಿನಿಂದ ಸ್ಕ್ರೀನ್ ಹಿಗ್ಗಿಸಿ ಗೋಪುರವನ್ನು ಹತ್ತಿರಕ್ಕೆ ತಂದುಕೊಳ್ಳುತ್ತಾರೆ. ಆ ಹೊತ್ತಿಗೆ ಸ್ಕ್ರೀನಿನಲ್ಲಿ ಚಿತ್ರ ಚೆನ್ನಾಗಿಯೇ ಕಾಣುತ್ತದೆ. ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ತೆರೆದರೆ ಕಮಾನುಗಳ ಅಂಚು ಕರಗಿರುತ್ತದೆ, ಬಲ್ಬಿನ ಸಾಲು ಒಂದೇ ಹಳದಿ ಗೆರೆಯಾಗಿರುತ್ತದೆ. ‘ಫೋನಿನಲ್ಲಿ 10x ಇದೆಯಲ್ಲ, ಆದರೂ ಯಾಕೆ ಹೀಗೆ?’ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಂದಲೇ.

ತಪ್ಪು ಫೋನಿನದಲ್ಲ, ಕ್ರಮದ್ದು. ಜೂಮ್ ಕೊನೆಗೆ ಬರಬೇಕಾದ ಕೆಲಸ. ಅದಕ್ಕೆ ಮೊದಲು ನಿಮ್ಮ ಫೋನಿನಲ್ಲಿ ನಿಜವಾದ ಜೂಮ್ ಎಲ್ಲಿಯವರೆಗೆ ಇದೆ ಎಂದು ತಿಳಿದಿರಬೇಕು, ಆಮೇಲೆ ಎಲ್ಲಿ ನಿಲ್ಲಬೇಕು ಎಂದು ತೀರ್ಮಾನಿಸಬೇಕು.

ಬೇಕಾದದ್ದು ಇಷ್ಟು: ನಿಮ್ಮ ಫೋನು, ಒಂದು ದಿನಪತ್ರಿಕೆ, ಹಗಲು ಬೆಳಕು ಬೀಳುವ ಗೋಡೆ, ಲೆನ್ಸ್ ಒರೆಸಲು ಮೆತ್ತನೆಯ ಹತ್ತಿ ಬಟ್ಟೆ. ಲೆನ್ಸ್ ಒರೆಸುವುದನ್ನು ಬಿಡಬೇಡಿ. ಬೆರಳಿನ ಎಣ್ಣೆ ಮೆತ್ತಿದ್ದರೆ ಮುಂದಿನ ಯಾವ ಪರೀಕ್ಷೆಯ ಫಲಿತಾಂಶವನ್ನೂ ನಂಬುವ ಹಾಗಿಲ್ಲ.

## ಹಂತ 1: ಎಷ್ಟನೇ ಅಂಕಿಗೆ ಲೆನ್ಸ್ ಬದಲಾಗುತ್ತದೆ ಎಂದು ಪತ್ತೆ ಮಾಡಿ

ಫೋನಿನ ಹಿಂದೆ ಮೂರು ಕಣ್ಣುಗಳಿವೆ ಎಂದ ಮಾತ್ರಕ್ಕೆ ಆಪ್ಟಿಕಲ್ ಜೂಮ್, ಅಂದರೆ ಲೆನ್ಸಿನಿಂದಲೇ ಆಗುವ ನಿಜವಾದ ಜೂಮ್, ಇದೆ ಎಂದಲ್ಲ. ಕಡಿಮೆ ಬೆಲೆಯ ಎಷ್ಟೋ ಫೋನುಗಳಲ್ಲಿ ಒಂದು ಮುಖ್ಯ ಕ್ಯಾಮೆರಾ, ಒಂದು ಅಗಲ ನೋಟದ್ದು, ಮತ್ತೊಂದು ತೀರಾ ಹತ್ತಿರದ ವಸ್ತುಗಳಿಗೆಂದು 2 ಮೆಗಾಪಿಕ್ಸೆಲ್‌ನ ಮ್ಯಾಕ್ರೋ ಇರುತ್ತದೆ. ದೂರದ್ದನ್ನು ಹತ್ತಿರ ತರುವ ಟೆಲಿಫೋಟೋ ಲೆನ್ಸ್ ಅಲ್ಲಿ ಇರುವುದೇ ಇಲ್ಲ. ಹಾಗಿದ್ದರೂ ಸ್ಕ್ರೀನಿನಲ್ಲಿ 2x, 5x, 10x ಎಂಬ ಅಂಕಿಗಳು ಬರುತ್ತವೆ. ಆ ಅಂಕಿಗಳನ್ನು ನೋಡಿ ಏನನ್ನೂ ತೀರ್ಮಾನಿಸಬೇಡಿ.

ಬೆರಳಿನ ಪರೀಕ್ಷೆ ಮಾಡಿ. ಹಗಲಿನಲ್ಲಿ, ಕಿಟಕಿಯಾಚೆ ಹತ್ತಿಪ್ಪತ್ತು ಮೀಟರ್ ದೂರದ ಯಾವುದಾದರೂ ಬೋರ್ಡಿನ ಕಡೆಗೆ ಫೋನ್ ಹಿಡಿಯಿರಿ. 1xನಲ್ಲಿಟ್ಟು ಹಿಂದಿನ ಲೆನ್ಸುಗಳನ್ನು ಒಂದೊಂದಾಗಿ ಬೆರಳಿನಿಂದ ಮುಚ್ಚಿ. ಯಾವುದನ್ನು ಮುಚ್ಚಿದಾಗ ಸ್ಕ್ರೀನ್ ಕಪ್ಪಾಗುತ್ತದೋ ಅದೇ ಮುಖ್ಯ ಲೆನ್ಸ್. ಈಗ 2x, 3x, 5x ಬಟನ್‌ಗಳನ್ನು ಒತ್ತುತ್ತಾ ಇದನ್ನೇ ಮತ್ತೆ ಮಾಡಿ. 3x ಒತ್ತಿದಾಗ ಬೇರೆ ಲೆನ್ಸ್ ಮುಚ್ಚಿದರೆ ಮಾತ್ರ ಸ್ಕ್ರೀನ್ ಕಪ್ಪಾಗುತ್ತದೆ ಎಂದಾದರೆ ನಿಮ್ಮ ಆಪ್ಟಿಕಲ್ ಜೂಮ್ 3x. ಕೊನೆಯವರೆಗೂ ಅದೇ ಮುಖ್ಯ ಲೆನ್ಸ್ ಕಪ್ಪಾಗಿಸುತ್ತಿದ್ದರೆ ನಿಮ್ಮಲ್ಲಿರುವುದೆಲ್ಲ ಡಿಜಿಟಲ್ ಜೂಮ್.

ಬಟನ್ ಒತ್ತಿದ ಮೇಲೆ ಒಂದೆರಡು ಸೆಕೆಂಡ್ ತಡೆದು ಮುಚ್ಚಿ. ಕೆಲವು ಫೋನುಗಳು ಲೆನ್ಸ್ ಬದಲಾಯಿಸಲು ಅಷ್ಟು ಹೊತ್ತು ತೆಗೆದುಕೊಳ್ಳುತ್ತವೆ. ಬೆರಳು ಅಡ್ಡ ಬಂದರೆ ಕತ್ತಲೆಯೆಂದು ತಿಳಿದು ಹಳೆಯ ಲೆನ್ಸಿಗೇ ಮರಳುವ ಫೋನುಗಳೂ ಇವೆ. ಅನುಮಾನ ಬಂದರೆ ಫೋಟೋ ತೆಗೆದು ಅದರ ವಿವರ ನೋಡಿ. ಗೂಗಲ್ ಫೋಟೋಸ್‌ನಲ್ಲಿ ಚಿತ್ರವನ್ನು ಮೇಲಕ್ಕೆ ಸರಿಸಿದರೆ, ಲೆನ್ಸಿನ ಕಿಂಡಿ ಎಷ್ಟು ಅಗಲ ಎಂದು ಹೇಳುವ f/1.8 ಎಂಬಂಥ ಒಂದು ಅಂಕಿ ಸಿಗುತ್ತದೆ. 1xನ ಚಿತ್ರದಲ್ಲೂ 3xನ ಚಿತ್ರದಲ್ಲೂ ಈ ಅಂಕಿ ಒಂದೇ ಆಗಿದ್ದರೆ ಬಹುತೇಕ ಒಂದೇ ಲೆನ್ಸ್ ಕೆಲಸ ಮಾಡಿದೆ. ಐಫೋನಿನಲ್ಲಿ ಚಿತ್ರದ ವಿವರ ತೆರೆದರೆ Main Camera ಅಥವಾ Telephoto Camera ಎಂದೇ ಬರೆದಿರುತ್ತದೆ.

ಸಿಕ್ಕ ಅಂಕಿಯನ್ನು ನೆನಪಿಟ್ಟುಕೊಳ್ಳಿ. ಈ ಬರಹದಲ್ಲಿ ಮುಂದೆ ‘ಲೆನ್ಸಿನ ಅಂಕಿ’ ಎಂದರೆ ಅದೇ.

## ಹಂತ 2: ನಡುವಿನ ಅಂಕಿಗಳಲ್ಲಿ ಏನಾಗುತ್ತದೆ ನೋಡಿ

ಆಪ್ಟಿಕಲ್ ಜೂಮ್‌ನಲ್ಲಿ ದೂರದ ವಸ್ತುವಿನ ಬಿಂಬವೇ ದೊಡ್ಡದಾಗಿ ಸೆನ್ಸರ್ ಮೇಲೆ ಬೀಳುತ್ತದೆ. ಡಿಜಿಟಲ್ ಜೂಮ್‌ನಲ್ಲಿ ಬಿಂಬ ಚಿಕ್ಕದಾಗಿಯೇ ಬೀಳುತ್ತದೆ. ಫೋನು ಚಿತ್ರದ ನಡುಭಾಗವನ್ನಷ್ಟೇ ಕತ್ತರಿಸಿ, ಮಿಕ್ಕದ್ದನ್ನು ಎಸೆದು, ಉಳಿದ ತುಂಡನ್ನು ಪೂರ್ತಿ ಗಾತ್ರಕ್ಕೆ ಹಿಗ್ಗಿಸುತ್ತದೆ. ಅಗಲವೂ ಎತ್ತರವೂ ಎರಡೂ ಕಡಿಮೆಯಾಗುವುದರಿಂದ ನಷ್ಟ ಬಹಳ ಬೇಗ ಏರುತ್ತದೆ. 2xನಲ್ಲಿ ಉಳಿಯುವುದು ಕಾಲು ಭಾಗ, 3xನಲ್ಲಿ ಒಂಬತ್ತರಲ್ಲಿ ಒಂದು ಭಾಗ, 5xನಲ್ಲಿ ಇಪ್ಪತ್ತೈದರಲ್ಲಿ ಒಂದು. 12 ಮೆಗಾಪಿಕ್ಸೆಲ್ ಚಿತ್ರದಲ್ಲಿ 5x ಡಿಜಿಟಲ್ ಜೂಮ್ ಮಾಡಿದರೆ ನಿಜವಾಗಿ ಕೈಗೆ ಬಂದದ್ದು ಅರ್ಧ ಮೆಗಾಪಿಕ್ಸೆಲ್‌ಗಿಂತ ಕಡಿಮೆ. ಫೈಲು ಮಾತ್ರ 12 ಮೆಗಾಪಿಕ್ಸೆಲ್ ಎಂದೇ ತೋರಿಸುತ್ತದೆ.

ಇಲ್ಲಿಂದ ಹುಟ್ಟುವ ತಪ್ಪು ಒಂದಿದೆ, ಅದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. 3x ಲೆನ್ಸ್ ಇರುವ ಫೋನಿನಲ್ಲಿ ಎರಡು ಬೆರಳಿನಿಂದ ಹಿಗ್ಗಿಸುತ್ತಾ ಹೋಗಿ 2.8xಗೆ ನಿಲ್ಲಿಸಿದರೆ ಟೆಲಿಫೋಟೋ ಇನ್ನೂ ಕೆಲಸಕ್ಕೆ ಬಂದಿರುವುದಿಲ್ಲ. ಮುಖ್ಯ ಲೆನ್ಸಿನ ಚಿತ್ರವನ್ನೇ 2.8 ಪಟ್ಟು ಹಿಗ್ಗಿಸಿ ಕೊಡಲಾಗುತ್ತದೆ. ಇನ್ನೊಂದು ಕೂದಲೆಳೆ ಮುಂದೆ ಹೋಗಿ 3x ಮುಟ್ಟಿದರೆ ಲೆನ್ಸ್ ಬದಲಾಗಿ ಚಿತ್ರ ತಟ್ಟನೆ ಚುರುಕಾಗುತ್ತದೆ. ಆದ್ದರಿಂದ ಬೆರಳಿನಿಂದ ಹಿಗ್ಗಿಸುವ ಅಭ್ಯಾಸ ಬಿಟ್ಟು ಬಟನ್ ಒತ್ತುವುದು ಒಳ್ಳೆಯದು. ಲೆನ್ಸಿನ ಅಂಕಿಗೆ ಸ್ವಲ್ಪ ಕೆಳಗೆ ಯಾವತ್ತೂ ನಿಲ್ಲಬೇಡಿ.

2xಗೆ ಒಂದು ರಿಯಾಯಿತಿ ಇದೆ. 48 ಅಥವಾ 50 ಮೆಗಾಪಿಕ್ಸೆಲ್ ಮುಖ್ಯ ಸೆನ್ಸರ್ ಇರುವ ಫೋನು ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗಳನ್ನು ಒಂದಾಗಿ ಕೂಡಿಸಿ 12 ಮೆಗಾಪಿಕ್ಸೆಲ್ ಚಿತ್ರ ಕೊಡುತ್ತದೆ. ಕೆಲವು ಫೋನುಗಳು 2x ಒತ್ತಿದಾಗ ಹೀಗೆ ಕೂಡಿಸದೆ ನಡುಭಾಗದ ಪಿಕ್ಸೆಲ್‌ಗಳನ್ನು ಬಿಡಿಬಿಡಿಯಾಗಿ ಓದುತ್ತವೆ. ಆಗ ನಡುಭಾಗದಲ್ಲೇ 12 ಮೆಗಾಪಿಕ್ಸೆಲ್ ಸಿಗುತ್ತದೆ. ಬೇರೆ ಲೆನ್ಸ್ ಇಲ್ಲದಿದ್ದರೂ ಹಗಲಿನಲ್ಲಿ ಇಂಥ 2x ನಂಬಿಕೆಗೆ ಅರ್ಹ. ಕತ್ತಲಾದ ಮೇಲೆ ಅಲ್ಲ, ಏಕೆಂದರೆ ಆಗ ಪಿಕ್ಸೆಲ್ ಕೂಡಿಸದಿದ್ದರೆ ಚಿತ್ರದಲ್ಲಿ ಕಾಳುಕಾಳು ತುಂಬುತ್ತದೆ.

ನಿಮ್ಮ ಫೋನಿನದು ಎಂಥ 2x ಎಂದು ತಿಳಿಯಲು ದಿನಪತ್ರಿಕೆಯನ್ನು ಗೋಡೆಗೆ ಅಂಟಿಸಿ, 2 ಮೀಟರ್ ದೂರದಿಂದ ಒಂದು ಚಿತ್ರ 1xನಲ್ಲಿ, ಇನ್ನೊಂದು 2xನಲ್ಲಿ ತೆಗೆಯಿರಿ. ಗ್ಯಾಲರಿಯಲ್ಲಿ ಎರಡರಲ್ಲೂ ಒಂದೇ ಸುದ್ದಿಯ ಅಕ್ಷರಗಳನ್ನು ಒಂದೇ ಗಾತ್ರಕ್ಕೆ ಹಿಗ್ಗಿಸಿ ನೋಡಿ. 2xನಲ್ಲಿ ಒತ್ತಕ್ಷರಗಳು ಹೆಚ್ಚು ಸ್ಪಷ್ಟವಾಗಿದ್ದರೆ ಅದು ಲಾಭದ 2x. ಎರಡೂ ಒಂದೇ ತರಹ ಇದ್ದರೆ ಬರೀ ಕತ್ತರಿ ಕೆಲಸ.

## ಹಂತ 3: ಹೆಜ್ಜೆಯ ಲೆಕ್ಕ ಕಲಿಯಿರಿ

ದೂರ ಅರ್ಧವಾದರೆ ವಸ್ತು ಎರಡು ಪಟ್ಟು ದೊಡ್ಡದಾಗಿ ಕಾಣುತ್ತದೆ. 10 ಮೀಟರಿನಿಂದ 5 ಮೀಟರಿಗೆ ಬಂದರೆ ಅದು 2x, 2 ಮೀಟರಿಗೆ ಬಂದರೆ 5x, ಒಂದು ಪಿಕ್ಸೆಲ್ಲೂ ನಷ್ಟವಿಲ್ಲದೆ. ಹಾಗಾಗಿ ಹತ್ತಿರದ ವಸ್ತುಗಳಿಗೆ ಕಾಲಿನ ಜೂಮ್ ಬಹಳ ಅಗ್ಗ: 4 ಮೀಟರ್ ದೂರದ ರಂಗೋಲಿಗೆ ಮೂರ್ನಾಲ್ಕು ಹೆಜ್ಜೆ ಇಟ್ಟರೆ 2x ಆಯಿತು. ದೂರದ ವಸ್ತುಗಳಿಗೆ ಅದೇ ದುಬಾರಿ. 400 ಮೀಟರ್ ಆಚೆಯ ಗೋಪುರಕ್ಕೆ 2x ಬೇಕೆಂದರೆ 200 ಮೀಟರ್ ನಡೆಯಬೇಕು.

ಎಲ್ಲಿ ನಿಲ್ಲಬೇಕು ಎಂದು ಅಂದಾಜಿಸಲು ಒಂದು ಸರಳ ಸೂತ್ರ ಸಾಕು. ಸಾಮಾನ್ಯ ಫೋನಿನ ಮುಖ್ಯ ಲೆನ್ಸು, ಫೋನನ್ನು ಅಡ್ಡಲಾಗಿ ಹಿಡಿದಾಗ, ನೀವು ನಿಂತ ದೂರದ ಸುಮಾರು ಒಂದೂವರೆ ಪಟ್ಟು ಅಗಲವನ್ನು ಕಾಣುತ್ತದೆ. ಎತ್ತರದಲ್ಲಿ ಕಾಣುವುದು ಹೆಚ್ಚುಕಡಿಮೆ ಆ ದೂರದಷ್ಟೇ. ಅಂದರೆ 10 ಮೀಟರ್ ದೂರದಲ್ಲಿ 14–15 ಮೀಟರ್ ಅಗಲ, 10–11 ಮೀಟರ್ ಎತ್ತರ. 2x ಒತ್ತಿದರೆ ಎರಡೂ ಅರ್ಧವಾಗುತ್ತವೆ.

## ಹಂತ 4: ಲೆಕ್ಕವನ್ನು ಅರಮನೆಯ ಮುಂದೆ ಹಾಕಿ ನೋಡಿ

ಅರಮನೆಯ ಉದ್ದ ಸುಮಾರು 245 ಅಡಿ, ಅಂದರೆ 75 ಮೀಟರ್. ನಡುವಿನ ಗೋಪುರದ ಎತ್ತರ ಸುಮಾರು 145 ಅಡಿ, ಅಂದರೆ 44 ಮೀಟರ್. ಜಯಮಾರ್ತಾಂಡ ದ್ವಾರದ ಕಡೆಯಿಂದ ಮುಂಭಾಗ ನೋಡುತ್ತಾ, ಅರಮನೆಯಿಂದ 160 ಮೀಟರ್ ದೂರದಲ್ಲಿ ನಿಂತಿದ್ದೀರಿ ಎಂದುಕೊಳ್ಳಿ.

ಅಲ್ಲಿ 1xನಲ್ಲಿ ಸುಮಾರು 230 ಮೀಟರ್ ಅಗಲ ಚಿತ್ರದೊಳಗೆ ಬರುತ್ತದೆ. 12 ಮೆಗಾಪಿಕ್ಸೆಲ್ ಚಿತ್ರದ ಅಗಲ 4000 ಪಿಕ್ಸೆಲ್. ಅದರಲ್ಲಿ 75 ಮೀಟರಿನ ಅರಮನೆಗೆ ಸಿಗುವುದು 1300 ಪಿಕ್ಸೆಲ್. ಬೆರಳಿನಿಂದ ಹಿಗ್ಗಿಸಿ ಅರಮನೆಯನ್ನು ಸ್ಕ್ರೀನ್ ತುಂಬಿಸಿದರೂ ಆ 1300 ಪಿಕ್ಸೆಲ್‌ಗಳೇ 4000 ಆಗಿ ಉಬ್ಬುತ್ತವೆ. ದೀಪಾಲಂಕಾರದಲ್ಲಿ ಇರುವುದು ಹತ್ತಿರಹತ್ತಿರ ಒಂದು ಲಕ್ಷ ಬಲ್ಬು. ಅಕ್ಕಪಕ್ಕದ ಬಲ್ಬುಗಳ ನಡುವಿನ ಕತ್ತಲೆಗೆ ಪ್ರತ್ಯೇಕ ಪಿಕ್ಸೆಲ್ ಇಲ್ಲದಿದ್ದರೆ ಸಾಲು ಗೆರೆಯಾಗದೆ ಇನ್ನೇನಾದೀತು?

ಈಗ 80 ಮೀಟರಿಗೆ ನಡೆದು ಬನ್ನಿ. ಅಗಲ 115 ಮೀಟರಿಗೆ ಇಳಿಯುತ್ತದೆ, ಅರಮನೆಗೆ 2600 ಪಿಕ್ಸೆಲ್ ಸಿಗುತ್ತದೆ. ಲೆಕ್ಕದ ಪ್ರಕಾರ 55 ಮೀಟರಿಗೆ ಬಂದರೆ ಕಟ್ಟಡ ಅಂಚಿನಿಂದ ಅಂಚಿಗೆ ತುಂಬುತ್ತದೆ. ಹಾಗೆಂದು ಅಲ್ಲಿಯವರೆಗೆ ಹೋಗಬೇಕಾಗಿಲ್ಲ. ಫೋನನ್ನು ಮೇಲಕ್ಕೆ ವಾಲಿಸದೆ ನೇರವಾಗಿ ಹಿಡಿದಾಗ ಚಿತ್ರದ ಕೆಳಗಿನ ಅರ್ಧ ನೆಲಕ್ಕೆ ಹೋಗುತ್ತದೆ, ಮೇಲಿನ ಅರ್ಧ ಮಾತ್ರ ಕಟ್ಟಡಕ್ಕೆ ಉಳಿಯುತ್ತದೆ. 55 ಮೀಟರಿನಲ್ಲಿ ಆ ಮೇಲಿನ ಅರ್ಧ ಸುಮಾರು 30 ಮೀಟರ್ ಎತ್ತರವನ್ನಷ್ಟೇ ಹಿಡಿಯುತ್ತದೆ, ಗೋಪುರದ ತುದಿ ಕತ್ತರಿಸಿ ಹೋಗುತ್ತದೆ. ತುದಿ ಬರಲಿ ಎಂದು ಫೋನನ್ನು ಮೇಲಕ್ಕೆ ವಾಲಿಸಿದರೆ ಎರಡು ಕಡೆಯ ಗೋಡೆಗಳು ಒಳಕ್ಕೆ ಬಾಗಿ, ಅರಮನೆ ಹಿಂದಕ್ಕೆ ಬೀಳುತ್ತಿರುವಂತೆ ಕಾಣುತ್ತದೆ. 80 ಮೀಟರಿನಲ್ಲಿ ಮೇಲಿನ ಅರ್ಧಕ್ಕೆ ಸುಮಾರು 43 ಮೀಟರ್ ಸಿಗುವುದರಿಂದ ವಾಲಿಸುವ ಅಗತ್ಯ ಬಹುತೇಕ ಇಲ್ಲ. ಆದ್ದರಿಂದ ಇಲ್ಲಿ ಸರಿಯಾದ ಜಾಗ 80 ಮೀಟರಿನ ಆಸುಪಾಸು. ಜೂಮ್ 1x ಇರಲಿ, ಕೆಳಗಿನ ನೆಲವನ್ನು ಆಮೇಲೆ ಕತ್ತರಿಸಿ.

ತೆಗೆಯುವಾಗ ಬಲ್ಬುಗಳಿರುವ ಕಡೆ ಬೆರಳಿಟ್ಟು ಫೋಕಸ್ ಮಾಡಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆದು ಬೆಳಕು ಕಡಿಮೆ ಮಾಡಿ. ಬಲ್ಬುಗಳು ಒಂದೊಂದಾಗಿ ಬಿಡಿಸಿ ಕಾಣತೊಡಗಿದಾಗ ನಿಲ್ಲಿಸಿ. ಫ್ಲ್ಯಾಶ್ ಆರಿಸಿಬಿಡಿ. ಅದರ ಬೆಳಕು ಕೆಲವೇ ಮೀಟರ್ ಹೋಗುತ್ತದೆ, ಮುಂದೆ ನಿಂತವರ ತಲೆ ಬೆಳ್ಳಗಾಗುವುದಷ್ಟೇ ಲಾಭ.

## ಹಂತ 5: ಕತ್ತಲಲ್ಲಿ ಟೆಲಿಫೋಟೋ ಕೈಕೊಟ್ಟಿದೆಯೇ ಪರೀಕ್ಷಿಸಿ

‘ನನ್ನ ಫೋನಿನಲ್ಲಿ 3x ಲೆನ್ಸ್ ಇದೆ, 160 ಮೀಟರಿನಿಂದಲೇ ತೆಗೆಯುತ್ತೇನೆ’ ಎನ್ನಬಹುದು. ಹಗಲಿನಲ್ಲಿ ಅದು ಸರಿ. ರಾತ್ರಿ ಹಾಗಲ್ಲ.

ಟೆಲಿಫೋಟೋದ ಸೆನ್ಸರ್ ಸಾಮಾನ್ಯವಾಗಿ ಮುಖ್ಯ ಸೆನ್ಸರಿಗಿಂತ ಚಿಕ್ಕದು, ಲೆನ್ಸಿನ ಕಿಂಡಿಯೂ ಕಿರಿದು. ಮುಖ್ಯ ಲೆನ್ಸ್ f/1.8 ಇದ್ದು ಟೆಲಿಫೋಟೋ f/2.8 ಇದ್ದರೆ ಸೆನ್ಸರಿನ ಅಷ್ಟೇ ಜಾಗಕ್ಕೆ ಬೀಳುವ ಬೆಳಕು ಸುಮಾರು ಎರಡೂವರೆ ಪಟ್ಟು ಕಡಿಮೆ. ಬೆಳಕು ಸಾಲದು ಎನಿಸಿದಾಗ ಎಷ್ಟೋ ಫೋನುಗಳು ಹೇಳದೆ ಕೇಳದೆ ಮುಖ್ಯ ಲೆನ್ಸಿಗೆ ಹಿಂದಿರುಗಿ, ಅದರ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುತ್ತವೆ. ಸ್ಕ್ರೀನಿನ ಮೇಲೆ ಆಗಲೂ 3x ಎಂದೇ ಇರುತ್ತದೆ.

ಗುರುತು ಹಿಡಿಯುವುದು ಕಷ್ಟವಲ್ಲ. 3xನಲ್ಲಿ ಒಂದು ಚಿತ್ರ ತೆಗೆದು ವಿವರದಲ್ಲಿ f ಅಂಕಿ ನೋಡಿ. ಅದು ಮುಖ್ಯ ಲೆನ್ಸಿನ f ಅಂಕಿಯೇ ಆಗಿದ್ದರೆ ಫೋನು ಲೆನ್ಸ್ ಬದಲಾಯಿಸಿಬಿಟ್ಟಿದೆ, ನೀವು ಮುಂದೆ ನಡೆಯಬೇಕು. ಅಷ್ಟು ವ್ಯವಧಾನವಿಲ್ಲದಿದ್ದರೆ ಟೆಲಿಫೋಟೋ ಲೆನ್ಸನ್ನು ಬೆರಳಿನಿಂದ ಮುಚ್ಚಿ; ಸ್ಕ್ರೀನ್ ಒಂದು ಕ್ಷಣವೂ ಕಪ್ಪಾಗದಿದ್ದರೆ ಅದೇ ಉತ್ತರ.

ಇದೇ ಹಿಂದಿರುಗಾಟ ತೀರಾ ಹತ್ತಿರದ ವಸ್ತುಗಳಲ್ಲೂ ಆಗುತ್ತದೆ. ಬಹಳ ಟೆಲಿಫೋಟೋ ಲೆನ್ಸುಗಳು ಅರ್ಧ ಮೀಟರಿಗಿಂತ, ಕೆಲವು ಒಂದು ಮೀಟರಿಗಿಂತ ಹತ್ತಿರ ಫೋಕಸ್ ಮಾಡಲಾರವು. ದೇವರಾಜ ಮಾರುಕಟ್ಟೆಯ ಮಲ್ಲಿಗೆ ಮೊಗ್ಗಿಗೆ ಒಂದು ಗೇಣು ದೂರದಿಂದ 3x ಒತ್ತಿದರೆ ಸಿಗುವುದು ಹೆಚ್ಚಾಗಿ ಮುಖ್ಯ ಲೆನ್ಸಿನ ಕತ್ತರಿಸಿದ ಚಿತ್ರವೇ. ಇಂಥ ಕಡೆ ಹಿಂದಕ್ಕೆ ಸರಿಯಬೇಕು. ಲೆನ್ಸ್ ಬದಲಾಗಿ ಚಿತ್ರ ಚುರುಕಾಗುವ ತನಕ ಸರಿಯಿರಿ.

## ಹಂತ 6: ಹತ್ತಿರ ಹೋದರೆ ಕೆಡುವುದು ಎಲ್ಲಿ ಎಂದು ತಿಳಿದಿರಿ

ಹತ್ತಿರ ಹೋಗುವುದು ಎಲ್ಲ ಕಡೆಗೂ ಒಗ್ಗುವ ಮದ್ದಲ್ಲ. ಜೂಮ್ ಮಾಡಿದಾಗ ವಸ್ತು ದೊಡ್ಡದಾಗುತ್ತದೆ ಅಷ್ಟೆ. ನಡೆದು ಹೋದಾಗ ಮುಂದಿನದಕ್ಕೂ ಹಿಂದಿನದಕ್ಕೂ ಇರುವ ಅಳತೆಯ ಸಂಬಂಧವೇ ಬದಲಾಗುತ್ತದೆ.

ಮುಖದ ಚಿತ್ರದಲ್ಲಿ ಇದು ಕಣ್ಣಿಗೆ ಹೊಡೆಯುತ್ತದೆ. ಮೂಗಿನ ತುದಿಗೂ ಕಿವಿಗೂ ನಡುವೆ ಸುಮಾರು 12 ಸೆಂಟಿಮೀಟರ್ ಅಂತರ ಎಂದಿಟ್ಟುಕೊಳ್ಳಿ. ಮೂಗಿನಿಂದ 40 ಸೆಂಟಿಮೀಟರಿನಲ್ಲಿ ಫೋನ್ ಹಿಡಿದರೆ ಕಿವಿ ಇರುವುದು 52ರಲ್ಲಿ. ಹಾಗಾಗಿ ಕಿವಿಯ ಲೆಕ್ಕಕ್ಕೆ ಮೂಗು ಶೇಕಡಾ 30ರಷ್ಟು ಉಬ್ಬಿ ಕಾಣುತ್ತದೆ. ಒಂದೂವರೆ ಮೀಟರಿನಿಂದ ತೆಗೆದರೆ ಆ ಉಬ್ಬು ಶೇಕಡಾ 8ಕ್ಕೆ ಇಳಿಯುತ್ತದೆ. ಮದುವೆ ಮನೆಯಲ್ಲಿ ಅಜ್ಜಿಯ ಫೋಟೋ ತೆಗೆಯುವಾಗ ಒಂದೂವರೆ ಎರಡು ಮೀಟರ್ ಹಿಂದೆ ನಿಂತು 2x ಅಥವಾ 3x ಒತ್ತಿ. ಟೆಲಿಫೋಟೋ ಲೆನ್ಸ್ ಇಲ್ಲದ ಫೋನಾದರೆ ಅಲ್ಲಿಂದಲೇ 1xನಲ್ಲಿ ತೆಗೆದು ಆಮೇಲೆ ಕತ್ತರಿಸಿ. ಸ್ವಲ್ಪ ಮಂದವಾದ ಮುಖ, ಉಬ್ಬಿದ ಮುಖಕ್ಕಿಂತ ಮೇಲು.

ಇನ್ನೊಂದು, ಎತ್ತರದಲ್ಲಿರುವ ವಸ್ತು. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಮರದ ಬುಡಕ್ಕೇ ನಡೆದು ಹೋಗಬಹುದು, ಅದೇ ಬಲೆ. ಗೂಡು 10 ಮೀಟರ್ ಮೇಲಿದ್ದು ನೀವು ಬುಡದಿಂದ 5 ಮೀಟರಿನಲ್ಲಿ ನಿಂತರೆ ತಲೆ ಪೂರ್ತಿ ಎತ್ತಿ ನೋಡಬೇಕಾಗುತ್ತದೆ. ಚಿತ್ರದಲ್ಲಿ ಬರುವುದು ಗೂಡಿನ ತಳದ ಕಡ್ಡಿಗಳು ಮತ್ತು ಬಿಳಿಚಿದ ಆಕಾಶ. ಬುಡದಿಂದ 20 ಮೀಟರಿನಷ್ಟು ದೂರಕ್ಕೆ ಹಿಂದೆ ಹೋದರೆ ನೋಟ ಓರೆಯಾಗಿ ಹಕ್ಕಿಯ ಕೊಕ್ಕು, ರೆಕ್ಕೆ, ಮರಿ ಎಲ್ಲ ಕಾಣುತ್ತದೆ. ಈಗ ಹಕ್ಕಿಗಿರುವ ದೂರ 11ರಿಂದ 22 ಮೀಟರಿಗೆ, ಎರಡು ಪಟ್ಟು ಏರಿದೆ. ಅದನ್ನು ತುಂಬಿಕೊಡಲು ಟೆಲಿಫೋಟೋ ಲೆನ್ಸ್ ಬೇಕು.

ಎಷ್ಟು ಸಿಗುತ್ತದೆ ಎಂದೂ ನೋಡಿ. ಬಣ್ಣದ ಕೊಕ್ಕರೆ ಹೆಚ್ಚುಕಡಿಮೆ ಒಂದು ಮೀಟರ್ ಎತ್ತರದ ಹಕ್ಕಿ. 22 ಮೀಟರಿನಿಂದ 1xನಲ್ಲಿ ಅದಕ್ಕೆ ಸುಮಾರು 125 ಪಿಕ್ಸೆಲ್ ಬರುತ್ತದೆ, 3x ಲೆನ್ಸಿನಲ್ಲಿ 380, 5x ಲೆನ್ಸಿನಲ್ಲಿ 630. ವಾಟ್ಸಾಪಿನಲ್ಲಿ ಕಳಿಸಲು 600 ಚಿಲ್ಲರೆ ಪಿಕ್ಸೆಲ್ ಸಾಕು. ಟೆಲಿಫೋಟೋ ಇಲ್ಲದ ಫೋನಿನಲ್ಲಿ ಆ 125 ಪಿಕ್ಸೆಲ್‌ಗಳನ್ನು 10xಗೆ ಹಿಗ್ಗಿಸಿದರೆ ಗರಿಯ ಜಾಗದಲ್ಲಿ ಬರೀ ಬಣ್ಣದ ಪಟ್ಟೆ ಉಳಿಯುತ್ತದೆ. ಅಂಥ ಫೋನಿನಲ್ಲಿ ಒಂಟಿ ಹಕ್ಕಿಯ ಆಸೆ ಬಿಟ್ಟು ಇಡೀ ಮರವನ್ನು ಗೂಡುಗಳ ಸಮೇತ 1xನಲ್ಲಿ ತೆಗೆಯುವುದೇ ಜಾಣತನ.

ಹೋಗಲೇಬಾರದ ಜಾಗಗಳೂ ಇವೆ. ರಂಗನತಿಟ್ಟಿನಲ್ಲಿ ದೋಣಿಯ ಅಂಚಿಗೆ ಬಾಗಬೇಡಿ, ಆ ನೀರಿನಲ್ಲಿ ಮೊಸಳೆಗಳಿವೆ. ಗೂಡಿನ ಹತ್ತಿರ ಒಯ್ಯಿರಿ ಎಂದು ದೋಣಿ ನಡೆಸುವವರನ್ನು ಒತ್ತಾಯಿಸಬೇಡಿ. ಜಂಬೂ ಸವಾರಿಯ ದಿನ ಬ್ಯಾರಿಕೇಡ್ ಹಾರಿ ಆನೆಯ ಬಳಿ ಹೋಗುವ ಮಾತೇ ಬೇಡ.

## ಹಂತ 7: ಜೂಮ್ ಒಂದೇ ದಾರಿ ಎಂದಾದಾಗ

ಹೋಗಲು ಜಾಗವಿಲ್ಲ ಎಂದಾದರೆ ಲೆನ್ಸಿನ ಅಂಕಿಯ ಬಟನ್ ಒತ್ತಿ, ಅಲ್ಲೇ ನಿಲ್ಲಿ. ಅದರಾಚೆಗೆ ಬೇಕಾದದ್ದನ್ನು ಆಮೇಲೆ ಗ್ಯಾಲರಿಯಲ್ಲಿ ಕತ್ತರಿಸಿಕೊಳ್ಳಿ. ಸ್ಥಳದಲ್ಲೇ 10x ಎಳೆದರೆ ಆನೆ ಒಂದು ಹೆಜ್ಜೆ ಇಟ್ಟರೂ ಅಂಬಾರಿ ಚೌಕಟ್ಟಿನಾಚೆ ಹೋಗುತ್ತದೆ. ಅಗಲವಾಗಿ ತೆಗೆದದ್ದನ್ನು ನಿಧಾನವಾಗಿ ಕತ್ತರಿಸಬಹುದು, ಹೊರಗೆ ಹೋದದ್ದನ್ನು ಮರಳಿ ತರಲಾಗದು. ಲೆನ್ಸಿನ ಅಂಕಿಯ ಒಂದೂವರೆ, ಹೆಚ್ಚೆಂದರೆ ಎರಡು ಪಟ್ಟಿನವರೆಗೆ ಸ್ಥಳದಲ್ಲೇ ಹಿಗ್ಗಿಸಿದರೂ ತೊಂದರೆಯಿಲ್ಲ. ಫೋನು ಒಂದರ ಹಿಂದೊಂದು ಹಲವು ಚಿತ್ರ ತೆಗೆದು ಜೋಡಿಸುವುದರಿಂದ ಅಲ್ಲಿಯವರೆಗೆ ನಷ್ಟವನ್ನು ಒಂದಿಷ್ಟು ಮುಚ್ಚಿಕೊಳ್ಳುತ್ತದೆ.

ಕೈ ನಡುಕವೂ ಜೂಮ್‌ನಷ್ಟೇ ಪಟ್ಟು ಹೆಚ್ಚುತ್ತದೆ. 5xನಲ್ಲಿ ಎರಡೂ ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಫೋನನ್ನು ಎರಡು ಕೈಯಲ್ಲಿ ಹಿಡಿದು, ಕಂಬಕ್ಕೋ ಗೋಡೆಗೋ ಭುಜ ಆನಿಸಿ. ಬಟನ್ ಒತ್ತುವಾಗಿನ ಕುಲುಕಾಟ ತಪ್ಪಿಸಲು 2 ಅಥವಾ 3 ಸೆಕೆಂಡಿನ ಟೈಮರ್ ಹಾಕಿ. ದೋಣಿಯಲ್ಲಿ ಟೈಮರ್ ಉಪಯೋಗವಿಲ್ಲ. ಅಲ್ಲಿ ಸಾಲಾಗಿ ಹತ್ತು ಚಿತ್ರ ತೆಗೆದು ಒಂದನ್ನು ಆರಿಸಿಕೊಳ್ಳಿ.

ಚಾಮುಂಡಿ ಬೆಟ್ಟದ ಮೇಲಿನಿಂದ ಊರನ್ನು ತೆಗೆಯುವಾಗ ಮಧ್ಯಾಹ್ನ ಯಾವ ಲೆನ್ಸೂ ಸಹಾಯಕ್ಕೆ ಬರುವುದಿಲ್ಲ. ನಡುವೆ ಇರುವ ಕಿಲೋಮೀಟರುಗಟ್ಟಲೆ ಗಾಳಿಯ ಧೂಳು ಮತ್ತು ಬಿಸಿಯ ಅಲೆ, ಜೂಮ್ ಮಾಡಿದಷ್ಟೂ ಎದ್ದು ಕಾಣುತ್ತವೆ. ಮಳೆ ನಿಂತ ಮರುದಿನದ ಬೆಳಗ್ಗೆ ಹೋಗಿ.

ತೆಗೆದಾದ ಮೇಲೆ ಅಲ್ಲೇ ನಿಂತು ಚಿತ್ರವನ್ನು ಗ್ಯಾಲರಿಯಲ್ಲಿ ಹಿಗ್ಗಿಸಿ ಪರೀಕ್ಷಿಸಿ. ಎಲೆಗಳು ಒಂದಕ್ಕೊಂದು ಅಂಟಿ ಬಣ್ಣ ಬಳಿದಂತಿದ್ದರೆ ಡಿಜಿಟಲ್ ಜೂಮ್ ಮಿತಿ ಮೀರಿದೆ. ಅಂಚುಗಳ ಸುತ್ತ ಬಿಳಿ ಗೆರೆ ಕಂಡರೆ ಫೋನು ಕೃತಕವಾಗಿ ಚುರುಕು ಮಾಡಿದೆ. ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಅದು ಕೈ ನಡುಕ, ಮತ್ತೊಮ್ಮೆ ಆನಿಸಿ ತೆಗೆದರೆ ಸರಿಹೋಗುತ್ತದೆ. ಅತಿ ಕೆಟ್ಟ ಸೂಚನೆ ಬೋರ್ಡಿನ ಬರಹದಲ್ಲಿ ಸಿಗುತ್ತದೆ: ಅಕ್ಷರದಂತೆಯೇ ಕಾಣುತ್ತದೆ, ಓದಲು ಹೋದರೆ ಯಾವ ಅಕ್ಷರವೂ ಅಲ್ಲ. ಅಲ್ಲಿ ಇದ್ದದ್ದು ಸಾಲದೆ ಸಾಫ್ಟ್‌ವೇರು ತಾನೇ ಊಹಿಸಿ ಬರೆದಿದೆ. ಬಸ್ಸಿನ ನಂಬರು, ಅಂಗಡಿಯ ವಿಳಾಸ, ಶಾಸನದ ಸಾಲು ಇಂಥವನ್ನು ದಾಖಲೆಗಾಗಿ ತೆಗೆಯುತ್ತಿದ್ದರೆ ಆ ಚಿತ್ರವನ್ನು ಅಳಿಸಿ, ಹತ್ತಿರ ಹೋಗಿ 1xನಲ್ಲಿ ಮತ್ತೆ ತೆಗೆಯಿರಿ.